ಲಾಭ ಕುಸಿದ ವರ್ಷದ ಪತ್ರ: ಮಳೆಯ ಪಾಲೆಷ್ಟು, ಆಡಳಿತದ ಪಾಲೆಷ್ಟು?

ಕೊಡಗಿನಲ್ಲಿ ಕಾಫಿ ತೋಟ ನಡೆಸುವ ಕಂಪನಿಯ ಲಾಭ ಕುಸಿದರೆ, ಮುಖ್ಯಸ್ಥರು ಷೇರುದಾರರಿಗೆ ಬರೆಯುವ ಪತ್ರದಲ್ಲಿ ಮೊದಲು ಹಾಜರಾಗುವುದು ಮಳೆ. ಹೂಮಳೆ ತಡವಾಯಿತು, ಆಗಸ್ಟಿನಲ್ಲಿ ವಿಪರೀತ ಸುರಿಯಿತು, ಕಾಯಿ ಉದುರಿತು. ಇದರಲ್ಲಿ ಸುಳ್ಳು ಎಂಬುದಿಲ್ಲ. ತೊಂದರೆಯೇ ಅಲ್ಲಿರುವುದು. ಇಲ್ಲಿ ಒಂದಲ್ಲ ಒಂದು ತಿಂಗಳಲ್ಲಿ ಮಳೆ ಹೆಚ್ಚೋ ಕಡಿಮೆಯೋ ಆಗದ ವರ್ಷವೇ ಇಲ್ಲದ ಕಾರಣ, ಮಳೆ ಯಾವ ವರ್ಷಕ್ಕೂ ಹೊಂದುವ ನೆಪ. 2018ರ ಆಗಸ್ಟಿನಲ್ಲಿ ಮಡಿಕೇರಿ ಮತ್ತು ಸೋಮವಾರಪೇಟೆ ಕಡೆ ಗುಡ್ಡಗಳೇ ಕುಸಿದವು. ಮಕ್ಕಂದೂರು, ಜೋಡುಪಾಲದ ಹೆಸರು ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಆದರೆ ಸಿದ್ದಾಪುರ, ಪಾಲಿಬೆಟ್ಟದ ಸುತ್ತಲಿನ ತೋಟಗಳಲ್ಲಿ ನಡೆದದ್ದು ಬೇರೆ ಕತೆ. ಹೀಗಿರುವಾಗ ‘ಕೊಡಗಿನ ಪ್ರವಾಹ’ ಎಂಬ ಒಂದೇ ಮಾತಿನಡಿ ಎಲ್ಲ ತೋಟಗಳ ನಷ್ಟವನ್ನೂ ತುಂಬಿಬಿಡುವುದು ಸುಲಭ. ಹೊರಗಿನ ಓದುಗನಿಗೆ ಅದು ತಿಳಿಯುವುದಿಲ್ಲ, ತೋಟದ ರೈಟರ್‌ಗೆ ತಿಳಿಯುತ್ತದೆ.

ಇದು ಕೊಡಗಿಗೆ ಹೊಸದಾದ ಪ್ರಶ್ನೆಯಲ್ಲ. ಷೇರುಪೇಟೆಯಲ್ಲಿ ನೋಂದಾಯಿತವಾದ ತೋಟದ ಕಂಪನಿಗಳು ಈ ಜಿಲ್ಲೆಯಲ್ಲಿ ಬಹುಕಾಲದಿಂದ ಇವೆ. ಕನ್ಸಾಲಿಡೇಟೆಡ್ ಕಾಫಿ ಎಂಬ ಹೆಸರಿನಲ್ಲಿದ್ದು ಮುಂದೆ ಟಾಟಾ ಕಾಫಿಯಾದ ಕಂಪನಿಯ ನೋಂದಾಯಿತ ಕಚೇರಿ ಪಾಲಿಬೆಟ್ಟದಲ್ಲೇ ಇತ್ತು. 2024ರ ಜನವರಿಯಲ್ಲಿ ಅದು ಟಾಟಾ ಕನ್ಸ್ಯೂಮರ್ ಪ್ರಾಡಕ್ಟ್ಸ್‌ನೊಳಗೆ ಸೇರಿಹೋಯಿತು. ಸಿದ್ದಾಪುರದ ಎಲ್ಕ್ ಹಿಲ್ ತೋಟಗಳು ಬಹುಕಾಲ ಬಾಂಬೆ ಬರ್ಮಾ ಟ್ರೇಡಿಂಗ್ ಕಾರ್ಪೊರೇಷನ್ನಿನವಾಗಿದ್ದವು. ಹೀಗೆ ದೂರದ ಊರಿನ ಹೂಡಿಕೆದಾರ ಕೊಡಗಿನ ಮಳೆಯನ್ನು ಓದುವುದು ವಾರ್ಷಿಕ ವರದಿಯ ಪುಟಗಳಲ್ಲೇ. ಕೆಳಗೆ ನಾನು ಬಿಡಿಸಿ ತೋರಿಸುವ ಪ್ಯಾರಾ ಮಾತ್ರ ಇವುಗಳಲ್ಲಿ ಯಾವುದರದ್ದೂ ಅಲ್ಲ. ಪ್ಯಾರಾ, ಕಂಪನಿ, ಅಂಕಿಗಳು ಎಲ್ಲವೂ ಉದಾಹರಣೆಗೆಂದು ಕಟ್ಟಿಕೊಂಡವು.

ಹೊಣೆ ಜಾರಿಸುವ ಈ ಚಾಳಿಯನ್ನು ಸಂಶೋಧಕರು ನಲವತ್ತು ವರ್ಷಗಳಿಂದ ಅಳೆಯುತ್ತ ಬಂದಿದ್ದಾರೆ. 1983ರಲ್ಲಿ ಬೆಟ್‌ಮನ್ ಮತ್ತು ವೈಟ್ಜ್ ಎಂಬ ಇಬ್ಬರು ಅಮೆರಿಕದ ಕಂಪನಿಗಳ ಪತ್ರಗಳಲ್ಲಿ ಕಾರಣ ಹೇಳುವ ವಾಕ್ಯಗಳನ್ನೆಲ್ಲ ಆರಿಸಿ ನೋಡಿದರು. ಕೆಟ್ಟ ಫಲಿತಾಂಶಕ್ಕೆ ಹೊರಗಿನ, ತಮ್ಮ ಹಿಡಿತಕ್ಕೆ ಸಿಗದ ಕಾರಣಗಳನ್ನು ಹೇಳುವುದು ಒಳ್ಳೆಯ ಫಲಿತಾಂಶದ ಸಂದರ್ಭಕ್ಕಿಂತ ಹೆಚ್ಚು ಎಂದು ಕಂಡಿತು. 2008ರಲ್ಲಿ ಫೆಂಗ್ ಲಿ ಇನ್ನೊಂದು ದಿಕ್ಕಿನಿಂದ ನೋಡಿ, ಗಳಿಕೆ ಕಡಿಮೆಯಾದ ಕಂಪನಿಗಳ ವಾರ್ಷಿಕ ವರದಿಗಳು ಓದಲು ಹೆಚ್ಚು ಕಷ್ಟವಾಗಿರುತ್ತವೆ ಎಂದು ತೋರಿಸಿದರು. ನನಗೆ ಇವೆರಡಕ್ಕಿಂತ ಕುತೂಹಲ ಹುಟ್ಟಿಸಿದ್ದು 2004ರಲ್ಲಿ ಲೀ, ಪೀಟರ್‌ಸನ್ ಮತ್ತು ಟೀಡೆನ್ಸ್ ಮಾಡಿದ ಅಧ್ಯಯನ. 14 ಕಂಪನಿಗಳ 21 ವರ್ಷಗಳ ವರದಿಗಳನ್ನು ಓದಿದ ಅವರಿಗೆ, ಕೆಟ್ಟ ಫಲಿತಾಂಶಕ್ಕೆ ತಮ್ಮೊಳಗಿನ, ತಾವು ಸರಿಪಡಿಸಬಹುದಾದ ಕಾರಣಗಳನ್ನು ಹೇಳಿಕೊಂಡ ಕಂಪನಿಗಳ ಷೇರು ಬೆಲೆ ಒಂದು ವರ್ಷದ ನಂತರ ಹೆಚ್ಚಿರುವುದು ಕಂಡಿತು. 14 ಕಂಪನಿ ದೊಡ್ಡ ಸಂಖ್ಯೆಯಲ್ಲ. ಒಪ್ಪಿಕೊಂಡದ್ದರಿಂದ ಬೆಲೆ ಏರಿತೋ, ಒಪ್ಪಿಕೊಳ್ಳುವಷ್ಟು ಚೆನ್ನಾಗಿ ಆಡಳಿತ ನಡೆಸುವವರ ಕಂಪನಿಗಳೇ ಚೇತರಿಸಿಕೊಂಡವೋ ಹೇಳುವುದು ಕಷ್ಟ. ಆದರೂ ತಪ್ಪೊಪ್ಪಿಕೊಂಡರೆ ಷೇರು ಬೀಳುತ್ತದೆ ಎಂಬ ಆಡಳಿತ ಮಂಡಳಿಯ ಭಯಕ್ಕೆ ಇದರಲ್ಲಿ ಆಧಾರ ಸಿಗುವುದಿಲ್ಲ.

ಈಗ ಪ್ಯಾರಾಕ್ಕೆ ಬರೋಣ. ದಕ್ಷಿಣ ಕೊಡಗಿನಲ್ಲಿ ರೊಬಸ್ಟಾ ಬೆಳೆಯುವ ಕಂಪನಿ ಎಂದುಕೊಳ್ಳಿ. ಕರಡು ಹೀಗಿದೆ:

“ಕಳೆದ ವರ್ಷವು ಪ್ಲಾಂಟೇಷನ್ ಉದ್ಯಮಕ್ಕೆ ಹಿಂದೆಂದೂ ಕಾಣದಷ್ಟು ಸವಾಲಿನದಾಗಿತ್ತು. ಹವಾಮಾನ ವೈಪರೀತ್ಯದಿಂದಾಗಿ ಇಳುವರಿಯ ಮೇಲೆ ಪ್ರತಿಕೂಲ ಪರಿಣಾಮ ಉಂಟಾಯಿತು. ಕೂಲಿ ಹಾಗೂ ಗೊಬ್ಬರದ ವೆಚ್ಚದ ಏರಿಕೆಯೂ ಲಾಭಾಂಶವನ್ನು ಬಾಧಿಸಿತು. ಇಂಥ ಸನ್ನಿವೇಶದಲ್ಲೂ ನಿಮ್ಮ ಕಂಪನಿ ಅಪೂರ್ವ ಸ್ಥೈರ್ಯ ಪ್ರದರ್ಶಿಸಿ ₹7 ಕೋಟಿ ಲಾಭ ದಾಖಲಿಸಿದೆ. ದೀರ್ಘಾವಧಿಯ ಮೌಲ್ಯ ಸೃಷ್ಟಿಗೆ ನಾವು ಬದ್ಧರಾಗಿದ್ದೇವೆ.”

ಇದನ್ನು ತಿದ್ದಲು ಕೂತವರು ಸಾಮಾನ್ಯವಾಗಿ ಮಾತನ್ನು ತಿದ್ದುತ್ತಾರೆ. ‘ಸವಾಲಿನ’ ತೆಗೆದು ‘ಕಷ್ಟದ’ ಹಾಕುತ್ತಾರೆ, ‘ಸ್ಥೈರ್ಯ’ವನ್ನು ಹೊಡೆದುಹಾಕುತ್ತಾರೆ, ಕೊನೆಗೆ ‘ಇದರ ಪೂರ್ಣ ಹೊಣೆಯನ್ನು ನಾನು ಹೊರುತ್ತೇನೆ’ ಎಂದು ಸೇರಿಸುತ್ತಾರೆ. ಪ್ಯಾರಾ ವಿನಯವಂತವಾಗುತ್ತದೆ, ಓದುಗನ ತಿಳಿವಳಿಕೆ ಮಾತ್ರ ಇದ್ದಲ್ಲೇ ಇರುತ್ತದೆ. ಯಾವ ಕೆಲಸ, ಯಾರ ತೀರ್ಮಾನ, ಎಷ್ಟು ಹಣ ಎಂದು ಹೇಳದೆ ಹೊತ್ತ ‘ಪೂರ್ಣ ಹೊಣೆ’ಗೆ ತೂಕವಿಲ್ಲ. ಸ್ಥೈರ್ಯದ ಹೊಗಳಿಕೆಗಿಂತ ಇದು ಹೆಚ್ಚು ಜಾಣತನದ ಜಾರಿಕೆ ಎಂದೇ ನನ್ನ ಅನಿಸಿಕೆ. ಹೊಗಳಿಕೆಯನ್ನು ಓದುಗ ಅನುಮಾನಿಸುತ್ತಾನೆ, ಕ್ಷಮೆಯನ್ನು ಅನುಮಾನಿಸಲು ಹಿಂಜರಿಯುತ್ತಾನೆ. ಭಾರತದ ನೋಂದಾಯಿತ ಕಂಪನಿಗಳಲ್ಲಿ ಇದನ್ನು ಪರೀಕ್ಷಿಸುವ ದಾರಿಯೊಂದಿದೆ. ನಿರ್ದೇಶಕರ ಮತ್ತು ಮುಖ್ಯ ಅಧಿಕಾರಿಗಳ ಸಂಬಳ ಆ ವರ್ಷ ಶೇಕಡಾ ಎಷ್ಟು ಏರಿತು ಎಂಬುದನ್ನು ಕಂಪನಿ ಕಾಯ್ದೆಯ 197ನೇ ಕಲಮಿನ ನಿಯಮಗಳಂತೆ ತಿಳಿಸಲೇಬೇಕು. ಪತ್ರದಲ್ಲಿ ಹೊತ್ತ ಹೊಣೆ ಸಂಬಳದ ಪಟ್ಟಿಯವರೆಗೂ ಬಂದಿದೆಯೇ ಎಂದು ಪುಟ ತಿರುವಿ ನೋಡಬಹುದು.

ಹಾಗಾಗಿ ಪದಕ್ಕೆ ಕೈಹಾಕುವ ಮೊದಲು ಲೆಕ್ಕಕ್ಕೆ ಕೈಹಾಕಬೇಕು. ಕರಡಿನಲ್ಲಿ ₹7 ಕೋಟಿ ಇದೆ, ಅದರ ಹಿಂದಿನ ವರ್ಷದ ₹18 ಕೋಟಿ ಇಲ್ಲ. ಮಾಯವಾದ ₹11 ಕೋಟಿ ಎಲ್ಲೆಲ್ಲಿ ಹೋಯಿತು ಎಂದು ಹಂಚಿ ತೋರಿಸುವುದೇ ಈ ಪ್ಯಾರಾದ ನಿಜವಾದ ಕೆಲಸ. ನಮ್ಮ ಉದಾಹರಣೆಯಲ್ಲಿ ಕೂಲಿ ಮತ್ತು ಗೊಬ್ಬರಕ್ಕೆ ₹3 ಕೋಟಿ ಹೆಚ್ಚು ಖರ್ಚಾಗಿದೆ. ಕಾಫಿಯ ಸರಾಸರಿ ಬೆಲೆ ಎರಡೂ ವರ್ಷ ಕಿಲೋಗೆ ₹200ರ ಆಸುಪಾಸಿನಲ್ಲೇ ಇತ್ತು. ಬೆಳೆ 2,400 ಟನ್ನಿನಿಂದ 1,900 ಟನ್ನಿಗೆ ಇಳಿಯಿತು. ಟನ್ನಿಗೆ ₹2 ಲಕ್ಷದಂತೆ 500 ಟನ್ ಅಂದರೆ ₹10 ಕೋಟಿ ಆಯಿತಲ್ಲ ಎಂದು ಅನಿಸುತ್ತದೆ. ಎಷ್ಟೋ ಪತ್ರಗಳು ಅಷ್ಟನ್ನೇ ಮಳೆಯ ಬಾಬ್ತಿಗೆ ಬರೆದು ಮುಂದೆ ಹೋಗುತ್ತವೆ. ಆದರೆ ಗಿಡದಲ್ಲಿಲ್ಲದ ಹಣ್ಣನ್ನು ಯಾರೂ ಕೊಯ್ಯುವುದಿಲ್ಲ, ಕಣದಲ್ಲಿ ಒಣಗಿಸುವುದಿಲ್ಲ, ಕ್ಯೂರಿಂಗ್‌ಗೆ ಸಾಗಿಸುವುದಿಲ್ಲ. ಆ ಖರ್ಚು ಟನ್ನಿಗೆ ₹40,000 ಎಂದಿಟ್ಟುಕೊಂಡರೆ ₹2 ಕೋಟಿ ಉಳಿಯಿತು. ಬೆಳೆಯಿಂದಾದ ನಿಜವಾದ ಹೊಡೆತ ₹8 ಕೋಟಿ. ಎಂಟಕ್ಕೆ ಮೂರು ಕೂಡಿಸಿದರೆ ಹನ್ನೊಂದು, ಲೆಕ್ಕ ಕೂಡಿಬಂತು. ಹೀಗೆ ಕೂಡಿಬರದಿದ್ದರೆ ಪ್ಯಾರಾದಲ್ಲಿ ಯಾವುದೋ ಕಾರಣವನ್ನು ಬಿಟ್ಟಿದ್ದಾರೆ ಎಂದೇ ತಿಳಿಯಬೇಕು.

ಇನ್ನು ಕಷ್ಟದ ಹಂತ. ಆ 500 ಟನ್ನಿನಲ್ಲಿ ಆಕಾಶದ ಪಾಲೆಷ್ಟು, ಆಫೀಸಿನ ಪಾಲೆಷ್ಟು? ಕಾಫಿ ಗೊತ್ತಿರುವವರಿಗೆ ಇದು ಉತ್ತರವಿಲ್ಲದ ಪ್ರಶ್ನೆಯಲ್ಲ. ರೊಬಸ್ಟಾ ಗಿಡದ ಮೊಗ್ಗು ಅರಳಲು ಫೆಬ್ರವರಿ-ಮಾರ್ಚಿನಲ್ಲಿ ಒಂದಿಂಚಿಗೆ ಕಡಿಮೆಯಿಲ್ಲದ ಹೂಮಳೆ ಬೇಕು, ಅರಳಿದ್ದು ಕಾಯಿ ಕಟ್ಟಲು ಮತ್ತೆರಡು-ಮೂರು ವಾರದೊಳಗೆ ಬ್ಯಾಕಿಂಗ್ ಮಳೆ ಬೇಕು. ಅದು ಬಾರದಿದ್ದರೆ ಕೆರೆಯ ನೀರನ್ನು ಸ್ಪ್ರಿಂಕ್ಲರಿನಲ್ಲಿ ಹಾಯಿಸುವುದು ಇಲ್ಲಿನ ಹಳೆಯ ರೂಢಿ. ಅಂದಮೇಲೆ ‘ಹೂಮಳೆ ಕೈಕೊಟ್ಟಿತು’ ಎಂಬುದು ಅರ್ಧ ಕಾರಣ. ಕೆರೆಯಲ್ಲಿ ನೀರಿತ್ತೇ ಎಂಬುದು ಉಳಿದರ್ಧ. ಆಗಸ್ಟಿನ ಕತೆಯೂ ಹೀಗೆಯೇ. ವಾರಗಟ್ಟಲೆ ಬಿಡದೆ ಸುರಿದರೆ ಕಾಯಿ ಉದುರುತ್ತದೆ, ಕೊಳೆರೋಗ ಬರುತ್ತದೆ, ಅದನ್ನು ಯಾರೂ ಪೂರ್ತಿ ತಡೆಯಲಾರರು. ಆದರೆ ಮಳೆಗಾಲಕ್ಕೆ ಮೊದಲೇ ಮರಗಸಿ ಮುಗಿಸಿ ಬೆಳಕು-ಗಾಳಿ ಆಡುವಂತೆ ಮಾಡಿದ, ಬಸಿಗಾಲುವೆ ತೆಗೆದ, ಬೋರ್ಡೋ ದ್ರಾವಣ ಹೊಡೆದ ಬ್ಲಾಕಿನಲ್ಲಿ ಉದುರುವುದು ಕಡಿಮೆ. ಇವೆಲ್ಲ ಬಜೆಟ್ಟಿನ ಸಾಲುಗಳು. ಯಾರೋ ಒಬ್ಬರು ಮಂಜೂರು ಮಾಡಿದ್ದಾರೆ ಅಥವಾ ಕತ್ತರಿಸಿದ್ದಾರೆ.

ಬೇರ್ಪಡಿಸುವ ವಿಧಾನ ಸರಳ. ಒಂದೇ ಮಳೆ ಬಿದ್ದ ತೋಟಗಳನ್ನು ಪಕ್ಕಪಕ್ಕ ಇಟ್ಟು ನೋಡುವುದು. ಕೊಡಗಿನ ತೋಟಗಳಲ್ಲಿ ಮಳೆ ಮಾಪಕ ಇಟ್ಟು ದಿನದ ಮಳೆಯನ್ನು ಇಂಚು-ಸೆಂಟಿನಲ್ಲಿ ಬರೆದಿಡುವ ಅಭ್ಯಾಸ ಇದ್ದೇ ಇದೆ. ಇಳುವರಿಯ ಲೆಕ್ಕವೂ ಬ್ಲಾಕುವಾರು ಇರಬೇಕು. ಕೆರೆ ತುಂಬಿದ್ದ ತೋಟದಲ್ಲಿ ಹೂ ಕಟ್ಟಿ, ಅದೇ ಮಾರ್ಚಿನಲ್ಲಿ ಅಷ್ಟೇ ಸೆಂಟು ಮಳೆ ಬಿದ್ದ ಹೂಳು ತುಂಬಿದ ಕೆರೆಯ ತೋಟದಲ್ಲಿ ಹೂ ಸೊರಗಿದ್ದರೆ, ಆ ಅಂತರ ಮಳೆಯದಲ್ಲ. ನಮ್ಮ ಉದಾಹರಣೆಯಲ್ಲಿ ಅದು 180 ಟನ್. ಕೊಯ್ಲಿನ ಖರ್ಚು ಕಳೆದು ಟನ್ನಿಗೆ ₹1.6 ಲಕ್ಷದಂತೆ ಸುಮಾರು ₹2.9 ಕೋಟಿ. ಉಳಿದ 320 ಟನ್ ಆಗಸ್ಟಿನಲ್ಲಿ ಉದುರಿದ್ದು, ಅದರ ಮೌಲ್ಯ ಸುಮಾರು ₹5.1 ಕೋಟಿ. ಈ ವಿಧಾನಕ್ಕೂ ಮಿತಿಯಿದೆ. ಎರಡು ತೋಟಗಳ ಗಿಡದ ವಯಸ್ಸು ಬೇರೆಯಿದ್ದರೆ, ಒಂದರಲ್ಲಿ ಹೋದ ವರ್ಷವೇ ಭಾರಿ ಬೆಳೆ ಬಂದು ಗಿಡ ಸೋತಿದ್ದರೆ ಹೋಲಿಕೆ ದಾರಿ ತಪ್ಪಿಸುತ್ತದೆ. ಅಂಥಲ್ಲಿ ಅಂಕಿ ಕೊಡುವುದಕ್ಕಿಂತ ಬಿಡಿಸಲಾಗದು ಎಂದು ಹೇಳುವುದೇ ಮೇಲು.

ಇಲ್ಲಿ ಕ್ಯಾಲೆಂಡರ್ ಒಂದು ಸಂಗತಿಯನ್ನು ಬಯಲು ಮಾಡುತ್ತದೆ. ಕಂಪನಿಯ ಲೆಕ್ಕದ ವರ್ಷ ಏಪ್ರಿಲ್‌ನಿಂದ ಮಾರ್ಚ್. ಹೂ ಅರಳಿದ ಸುಮಾರು ಹತ್ತು-ಹನ್ನೊಂದು ತಿಂಗಳಿಗೆ ರೊಬಸ್ಟಾ ಕೊಯ್ಲಿಗೆ ಬರುವುದರಿಂದ, ಈ ವರ್ಷದ ಲೆಕ್ಕದಲ್ಲಿ ಕಾಣುವ ಬೆಳೆಯ ಹೂ ಹಿಂದಿನ ಲೆಕ್ಕದ ವರ್ಷದ ಕೊನೆಯ ತಿಂಗಳುಗಳಲ್ಲೇ ಅರಳಿರುತ್ತದೆ. ಹಿಂದಿನ ಪತ್ರವನ್ನು ಬರೆದದ್ದು ಮೇ ಅಥವಾ ಜೂನ್‌ನಲ್ಲಿ. ಅಂದರೆ ‘ಮುಂದಿನ ವರ್ಷದ ಬಗ್ಗೆ ಆಶಾವಾದಿಗಳಾಗಿದ್ದೇವೆ’ ಎಂದು ಸಹಿ ಹಾಕುವ ಹೊತ್ತಿಗೆ, ನಮ್ಮ ಉದಾಹರಣೆಯ ಕಂಪನಿಯಲ್ಲಿ ಕೆರೆಗೆ ಹೂಳು ತುಂಬಿದ್ದ ಎರಡು ತೋಟಗಳಲ್ಲಿ ಹೂ ಕಟ್ಟಿಲ್ಲವೆಂಬುದು ಮ್ಯಾನೇಜರುಗಳಿಗೆ ಗೊತ್ತಿತ್ತು. ಕೆಟ್ಟ ವರ್ಷದ ಪತ್ರ ಪ್ರಾಮಾಣಿಕವೋ ಅಲ್ಲವೋ ಎಂದು ತಿಳಿಯಲು ನಾನು ಮೊದಲು ತೆರೆಯುವುದು ಅದರ ಹಿಂದಿನ ವರ್ಷದ ಪತ್ರವನ್ನೇ. ಬೆಲೆ ಏರಿದ ವರ್ಷದ ಪತ್ರವಾದರೆ ಇನ್ನೂ ಒಳ್ಳೆಯದು. ವಿಯೆಟ್ನಾಮಿನ ಬರದಿಂದ 2024ರಲ್ಲಿ ಲಂಡನ್ ಪೇಟೆಯಲ್ಲಿ ರೊಬಸ್ಟಾ ದಾಖಲೆ ಮುಟ್ಟಿತು. ಆ ಲಾಭವನ್ನು ತನ್ನ ‘ಕಾರ್ಯತಂತ್ರ’ದ ಫಲವೆಂದು ಬರೆದುಕೊಂಡ ಕಂಪನಿಗೆ, ಬೆಲೆ ಇಳಿದಾಗ ಜಾಗತಿಕ ಮಾರುಕಟ್ಟೆಯನ್ನು ದೂರುವ ಹಕ್ಕಿಲ್ಲ.

ಇಷ್ಟು ಕೆಲಸವಾದ ಮೇಲೆ ಬರೆದ ಪ್ಯಾರಾ ಹೀಗಿರಬಹುದು:

“ತೆರಿಗೆಗೆ ಮುಂಚಿನ ಲಾಭ ₹18 ಕೋಟಿಯಿಂದ ₹7 ಕೋಟಿಗೆ ಇಳಿದಿದೆ. ಕಡಿಮೆಯಾದ ₹11 ಕೋಟಿಯಲ್ಲಿ ₹3 ಕೋಟಿ ಕೂಲಿ ಮತ್ತು ಗೊಬ್ಬರದ ದರ ಏರಿದ್ದರಿಂದ. ಉಳಿದ ₹8 ಕೋಟಿ, ಬೆಳೆ 2,400 ಟನ್ನಿನಿಂದ 1,900 ಟನ್ನಿಗೆ ಇಳಿದಿದ್ದರಿಂದ. ಇದರಲ್ಲಿ 180 ಟನ್, ಅಂದರೆ ಸುಮಾರು ₹2.9 ಕೋಟಿ, ನನ್ನ ತೀರ್ಮಾನದ ಫಲ. ₹60 ಲಕ್ಷ ಉಳಿಸಲು ಎರಡು ತೋಟಗಳ ಕೆರೆಗಳ ಹೂಳೆತ್ತುವುದನ್ನು ಒಂದು ವರ್ಷ ಮುಂದೂಡಿದೆ. ಹೂಮಳೆ ಬಾರದಿದ್ದಾಗ ಸ್ಪ್ರಿಂಕ್ಲರಿಗೆ ನೀರು ಸಾಲಲಿಲ್ಲ. ಅದೇ ಒಣಹವೆಯಲ್ಲಿ ನಮ್ಮ ಬೇರೆ ತೋಟಗಳಲ್ಲಿ ಹೂ ಸರಿಯಾಗಿಯೇ ಕಟ್ಟಿತು. ಕಳೆದ ವರ್ಷ ನಿಮಗೆ ಪತ್ರ ಬರೆಯುವಾಗ ಇದು ನಮಗೆ ಗೊತ್ತಿತ್ತು, ಆಗಲೇ ಹೇಳಬೇಕಿತ್ತು. ಇನ್ನುಳಿದ 320 ಟನ್ ಆಗಸ್ಟಿನ ಮಳೆಗೆ ಉದುರಿತು. ಮರಗಸಿ ತಡವಾದ ಬ್ಲಾಕುಗಳಲ್ಲಿ ಉದುರಿದ್ದು ಹೆಚ್ಚು. ಎಷ್ಟು ಹೆಚ್ಚೆಂದು ಬಿಡಿಸಿ ಹೇಳಲು ನಮ್ಮ ಬ್ಲಾಕುವಾರು ದಾಖಲೆ ಸಾಲದು. ಎರಡೂ ಕೆರೆಗಳ ಹೂಳನ್ನು ಈ ಏಪ್ರಿಲ್‌ನಲ್ಲಿ ತೆಗೆಸಿದ್ದೇವೆ. ಈ ಮಾರ್ಚಿನಲ್ಲಿ ಹೂಮಳೆ ಸಮಯಕ್ಕೆ ಬಂದದ್ದು ಅದೃಷ್ಟ, ನಮ್ಮ ಸಾಧನೆಯಲ್ಲ. ಮೇ 31ರೊಳಗೆ ಎಷ್ಟು ಎಕರೆಯಲ್ಲಿ ಮರಗಸಿ ಮುಗಿದಿತ್ತು ಎಂಬುದನ್ನು ಮುಂದಿನ ಪತ್ರದಲ್ಲಿ ತಿಳಿಸುತ್ತೇನೆ.”

ಮೊದಲಿನದಕ್ಕಿಂತ ಇದು ಉದ್ದವಾಯಿತು. ಜಾರಿಕೆಯ ಮಾತೇ ಯಾವಾಗಲೂ ಉದ್ದ ಎಂಬ ನಂಬಿಕೆ ಸರಿಯಲ್ಲ, ವಿವರ ಕೊಡಲು ಜಾಗ ಬೇಕು. ವಾಕ್ಯಗಳ ಕರ್ತೃವನ್ನು ಗಮನಿಸಿ. ಕರಡಿನಲ್ಲಿ ಕೆಟ್ಟದ್ದೆಲ್ಲ ತಾನಾಗಿ ‘ಉಂಟಾಯಿತು’, ಒಳ್ಳೆಯದನ್ನು ಮಾತ್ರ ‘ನಿಮ್ಮ ಕಂಪನಿ’ ಮಾಡಿತು. ತಿದ್ದಿದ್ದರಲ್ಲಿ ಮುಂದೂಡಿದ್ದು ನಾನು, ಸುರಿದದ್ದು ಮಳೆ. ಮುಖ್ಯಸ್ಥ ಎಲ್ಲ ನಷ್ಟವನ್ನೂ ತಲೆಯ ಮೇಲೆ ಹಾಕಿಕೊಂಡಿಲ್ಲ ಎಂಬುದನ್ನೂ ನೋಡಬೇಕು. ₹11 ಕೋಟಿಯಲ್ಲಿ ಖಚಿತವಾಗಿ ತನ್ನದೆಂದು ಒಪ್ಪಿದ್ದು ₹2.9 ಕೋಟಿ ಮಾತ್ರ. ಅಷ್ಟನ್ನು ಒಪ್ಪಿದ್ದರಿಂದಲೇ ಉಳಿದದ್ದು ಮಳೆಯದ್ದು ಮತ್ತು ದರದ್ದು ಎಂದರೆ ಓದುಗ ನಂಬುತ್ತಾನೆ.

ಈ ಬಗೆಯ ಬರಹಕ್ಕೆ ಎಲ್ಲರೂ ತೋರಿಸುವ ಮಾದರಿ ವಾರನ್ ಬಫೆಟ್. 2019ರಿಂದ 2023ರವರೆಗಿನ ತಮ್ಮ ಪತ್ರಗಳಲ್ಲಿ ತಪ್ಪು ಎಂಬರ್ಥದ ಪದಗಳನ್ನು 16 ಬಾರಿ ಬಳಸಿದ್ದೇನೆ ಎಂದು ಅವರೇ ಎಣಿಸಿ ಹೇಳಿದ್ದಾರೆ. 1993ರಲ್ಲಿ ಕೊಂಡ ಡೆಕ್ಸ್‌ಟರ್ ಎಂಬ ಚಪ್ಪಲಿ-ಬೂಟಿನ ಕಂಪನಿಯ ಬಗ್ಗೆ 2007ರ ಪತ್ರದಲ್ಲಿ ಅವರು ಬರೆದದ್ದನ್ನು ನೋಡಬೇಕು. ತಾವು ಮಾಡಿದ ವ್ಯವಹಾರಗಳಲ್ಲೇ ಅತ್ಯಂತ ಕೆಟ್ಟದ್ದು ಅದು ಎಂದರು. ನಗದಿನ ಬದಲು ಬರ್ಕ್‌ಷೈರ್ ಷೇರು ಕೊಟ್ಟು ಕೊಂಡಿದ್ದರಿಂದ ಷೇರುದಾರರಿಗೆ ಬಿದ್ದ ಹೊರೆ 350 ಕೋಟಿ ಡಾಲರ್ ಎಂದು ಅಂಕಿಯನ್ನೂ ಕೊಟ್ಟರು. ಯಾರು, ಏನು, ಎಷ್ಟು ಎಂಬ ಮೂರೂ ಅಲ್ಲಿವೆ. ಆದರೆ ಕೊಂಡ ಹೊಸದರಲ್ಲಿ ಅದೇ ಕಂಪನಿಯನ್ನು ಅವರು ಮನಸಾರೆ ಹೊಗಳಿದ್ದರು. ಈ ಪೂರ್ತಿ ಲೆಕ್ಕ ಹೊರಬರುವ ಹೊತ್ತಿಗೆ ಹದಿನಾಲ್ಕು ವರ್ಷ ಕಳೆದಿತ್ತು. ಅಷ್ಟು ತಡವಾಗಿ, ಅಷ್ಟು ಶ್ರೀಮಂತನಾದ ಮೇಲೆ ತಪ್ಪೊಪ್ಪಿಕೊಳ್ಳಲು ಬೇಕಾದ ಧೈರ್ಯವೂ, ಮೂರು ವರ್ಷದ ಗುತ್ತಿಗೆಯ ಮೇಲಿರುವ ತೋಟದ ಕಂಪನಿಯ ಸಿಇಒಗೆ ಬೇಕಾದ ಧೈರ್ಯವೂ ಒಂದೇ ಅಲ್ಲ. ನಮ್ಮ ಕಡೆ ತಪ್ಪೊಪ್ಪಿಗೆಯ ಪತ್ರವೆಂದೊಡನೆ ನೆನಪಾಗುವುದು 2009ರ ಜನವರಿ 7ರಂದು ಸತ್ಯಂನ ರಾಮಲಿಂಗ ರಾಜು ಬರೆದದ್ದು. ಅದು ಸುಳ್ಳು ಲೆಕ್ಕ ಇನ್ನು ಮುಚ್ಚಿಡಲಾಗದು ಎಂದಾದ ಮೇಲೆ ಬಂದ ಪತ್ರ, ಈ ಚರ್ಚೆಯ ಸಾಲಿಗೆ ಸೇರುವುದಿಲ್ಲ.

ಕಾನೂನು ಇದರಲ್ಲಿ ಎಷ್ಟು ನೆರವಾಗುತ್ತದೆ? ಮುಖ್ಯಸ್ಥರ ಪತ್ರವನ್ನು ಬರೆಯಲೇಬೇಕೆಂದು ಯಾವ ಕಾಯ್ದೆಯೂ ಹೇಳುವುದಿಲ್ಲ, ಅದು ರೂಢಿಯಷ್ಟೇ. ಆದರೆ ಅದೇ ವಾರ್ಷಿಕ ವರದಿಯ ಒಳಗಿರುವ ಆಡಳಿತದ ಚರ್ಚೆ ಮತ್ತು ವಿಶ್ಲೇಷಣೆ ಎಂಬ ಭಾಗಕ್ಕೆ ಸೆಬಿಯ ನಿಯಮಗಳಿವೆ. ಪ್ರಮುಖ ಹಣಕಾಸು ಅನುಪಾತವೊಂದು ಹಿಂದಿನ ವರ್ಷಕ್ಕಿಂತ ಶೇ. 25 ಅಥವಾ ಅದಕ್ಕಿಂತ ಹೆಚ್ಚು ಬದಲಾದರೆ ಅಲ್ಲಿ ವಿವರವಾದ ಕಾರಣ ಕೊಡಬೇಕು. ಲಾಭ ₹18 ಕೋಟಿಯಿಂದ ಏಳಕ್ಕೆ ಬಿದ್ದ ಕಂಪನಿ ಆ ವಿವರಣೆಯನ್ನು ಹೇಗೂ ಬರೆಯಬೇಕಾಗುತ್ತದೆ. ಲೆಕ್ಕದವರು ಬರೆದ ಆ ಸಣ್ಣಕ್ಷರದ ಕಾರಣಕ್ಕೂ ಮುಂದಿನ ಪುಟಗಳ ಪತ್ರದ ಕಾರಣಕ್ಕೂ ತಾಳೆಯಾಗದಿದ್ದರೆ ಪತ್ರವನ್ನು ಬೇರೆಯವರು ಬರೆದುಕೊಟ್ಟಿದ್ದಾರೆ ಎಂದು ಗೊತ್ತಾಗಿಬಿಡುತ್ತದೆ. ಪ್ರಕೃತಿ ವಿಕೋಪದಿಂದ ಘಟಕದ ಕೆಲಸ ನಿಂತು ಅದರ ಪರಿಣಾಮ ದೊಡ್ಡದಿದ್ದರೆ ಷೇರುಪೇಟೆಗೆ ಆಗಲೇ ತಿಳಿಸಬೇಕೆಂಬ ನಿಯಮವೂ ಇದೆ. ಆಗಸ್ಟಿನಲ್ಲಿ ಪೇಟೆಗೆ ಒಂದು ಸಾಲನ್ನೂ ಕಳಿಸದ ಕಂಪನಿ ಜೂನಿನ ಪತ್ರದಲ್ಲಿ ಅದೇ ಮಳೆಯನ್ನು ಮಹಾದುರಂತವೆಂದು ಬಣ್ಣಿಸಿದರೆ, ಎರಡರಲ್ಲಿ ಒಂದು ಕಡೆ ಅಳತೆ ತಪ್ಪಿದೆ.

ತಿದ್ದಿ ಬರೆದ ಪ್ಯಾರಾ ವಕೀಲರ ಬಳಿಗೆ ಹೋದಾಗ ಮೊದಲು ಕೆಂಪು ಗೆರೆ ಬೀಳುವುದು ಕೊನೆಯ ಎರಡು-ಮೂರು ವಾಕ್ಯಗಳ ಮೇಲೆ. ಅವರ ಆಕ್ಷೇಪ ಪೂರ್ತಿ ಅನ್ಯಾಯದ್ದಲ್ಲ. ಪೇಟೆಗೆ ಇನ್ನೂ ತಿಳಿಸದ, ಬೆಲೆಯನ್ನು ಅಲುಗಿಸಬಲ್ಲ ಸಂಗತಿಯನ್ನು ಪತ್ರದಲ್ಲೇ ಮೊದಲು ಹೇಳುವಂತಿಲ್ಲ, ಮುಂದಿನ ಬೆಳೆಯ ಟನ್ ಲೆಕ್ಕ ಕೊಟ್ಟರೆ ಅದನ್ನು ಭರವಸೆಯೆಂದು ಹಿಡಿಯುವವರಿರುತ್ತಾರೆ. ‘ಕಳೆದ ವರ್ಷವೇ ಗೊತ್ತಿತ್ತು’ ಎಂಬ ವಾಕ್ಯಕ್ಕೆ ಅವರು ಹೆದರುವುದಕ್ಕೂ ಕಾರಣವಿದೆ, ಆಗ ಯಾಕೆ ಬಹಿರಂಗಪಡಿಸಲಿಲ್ಲ ಎಂದು ಸೆಬಿ ಕೇಳಬಹುದು. ಆ ವಾಕ್ಯ ಹೋಗುವುದಾದರೆ ಅದರ ಜಾಗದಲ್ಲಿ ಕೆರೆ ಒಣಗಿದ ತಿಂಗಳ ಹೆಸರಾದರೂ ಉಳಿಯಲಿ, ಓದುಗ ಉಳಿದದ್ದನ್ನು ಲೆಕ್ಕ ಹಾಕಿಕೊಳ್ಳುತ್ತಾನೆ. ಬಿಟ್ಟುಕೊಡಬಾರದ್ದು ಮರಗಸಿಯ ವಾಕ್ಯ. ಅದರಲ್ಲಿ ಲಾಭದ ಭರವಸೆಯಿಲ್ಲ, ಮಳೆಯ ಭವಿಷ್ಯವಿಲ್ಲ; ಎಷ್ಟು ಎಕರೆಯ ಕೆಲಸ ಯಾವ ತಾರೀಖಿಗೆ ಮುಗಿದಿತ್ತು ಎಂದು ಹೇಳುತ್ತೇನೆ ಎಂಬ ಮಾತಷ್ಟೇ ಇದೆ. ಮುಂದಿನ ವರ್ಷ ಮಳೆ ಹೇಗೇ ಬರಲಿ, ವಾರ್ಷಿಕ ಸಭೆಯಲ್ಲಿ ಎದ್ದುನಿಂತ ಷೇರುದಾರ ಆ ಎಕರೆ ಎಷ್ಟಾಯಿತು ಎಂದು ಕೇಳಬಹುದು.